ಮೂರು ಪೆಟ್ಟು, ಒಂದು ಬಿಡುವು

ಹಬ್ಬದ ಸಂಚಿಕೆಗೆ ಅಜ್ಜಿ ಮತ್ತು ಮರದ ಆಟಿಕೆಯ ಕುರಿತು ಒಂದು ಸಣ್ಣ ಕಥೆ ಬೇಕೆಂದು ಅಂಗಡಿಯ ಯಜಮಾನರು ಕೇಳಿದಾಗ, ಕಥೆ ಕಟ್ಟುವುದು ನನಗೆ ಬಾರದು, ಬೇಕಿದ್ದರೆ ದುರಸ್ತಿಯ ಪುಸ್ತಕದಿಂದ ಒಂದು ಕುದುರೆಯ ಪುಟಗಳನ್ನು ತೆಗೆದು ಬರೆದುಕೊಡುತ್ತೇನೆ ಎಂದೆ. ಅಂಗಡಿಯ ಹಿಂಭಾಗದ ಮೇಜಿನ ಮೇಲೆ ಬರುವ ಪ್ರತಿಯೊಂದು ಆಟಿಕೆಗೂ ನಾನು ದಿನಚರಿ ಬರೆದಿಡುತ್ತೇನೆ. ಅದರಲ್ಲಿ ನನ್ನ ತಪ್ಪುಗಳೂ ಇರುತ್ತವೆ. ಈ ಕುದುರೆಯ ವಿಷಯದಲ್ಲಿ ತಪ್ಪೇ ಹೆಚ್ಚಿನ ಜಾಗವನ್ನು ಹಿಡಿದಿದೆ.

ಮೊದಲ ದಿನ

ಹಬ್ಬಕ್ಕೆ ಹನ್ನೆರಡು ದಿನಗಳಿದ್ದಾಗ ಅಜ್ಜಿಯೊಬ್ಬರು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟನ್ನು ಮೇಜಿನ ಮೇಲಿಟ್ಟರು. ಬಿಚ್ಚಿದಾಗ ಒಳಗೆ ಗಾಲಿಹಲಗೆಯ ಮೇಲೆ ನಿಂತ ಒಂದು ಮರದ ಕುದುರೆಯೂ, ಬೇರೆಯಾಗಿ ಬಿದ್ದಿದ್ದ ಒಂದು ಗಾಲಿಯೂ ಇದ್ದವು. ಹಗ್ಗ ಕಟ್ಟಿ ಎಳೆಯುವ ಆಟಿಕೆ ಅದು. ಅಜ್ಜಿ ಐದಾರು ವರ್ಷದವರಿದ್ದಾಗ ಯಾರೋ ಬಡಗಿ ಮಾಡಿಕೊಟ್ಟದ್ದಂತೆ. ಹಬ್ಬದ ದಿನ ಎರಡು ವರ್ಷದ ಮರಿಮೊಮ್ಮಗಳ ಕೈಗೆ ಅದರ ಹಗ್ಗವನ್ನು ಕೊಡಬೇಕೆಂಬುದು ಅವರ ಬಯಕೆ.

"ಎಳೆದರೆ ಸದ್ದು ಬರುತ್ತಿತ್ತು ಮಗೂ. ಈಗ ಬರುವುದಿಲ್ಲ. ನನಗೆ ಕಣ್ಣು ಮಂಜು, ಬಣ್ಣಗಿಣ್ಣ ಹೇಗಿದ್ದರೂ ನಡೆದೀತು. ಸದ್ದು ಮಾತ್ರ ಬರಬೇಕು," ಎಂದರು.

ಎಂಥ ಸದ್ದು ಎಂದು ಆಗಲೇ ಕೇಳಬೇಕಿತ್ತು. ಆಟಿಕೆಯನ್ನು ತಿರುಗಿಸಿ ನೋಡಿದ ಕೂಡಲೇ ಎಲ್ಲವೂ ಅರ್ಥವಾಯಿತೆಂದು ಭಾವಿಸಿ ಕೇಳದೆ ಬಿಟ್ಟೆ.

ಅದರ ಯಂತ್ರ ನಿಜಕ್ಕೂ ಸರಳವಾದದ್ದು. ಹಿಂದಿನ ಎರಡು ಗಾಲಿಗಳು ಅಚ್ಚಿಗೆ ಅಂಟಿಕೊಂಡಿರುವುದರಿಂದ ಗಾಲಿ ಉರುಳಿದಾಗ ಅಚ್ಚೂ ಜೊತೆಗೆ ತಿರುಗುತ್ತದೆ. ಅಚ್ಚಿನ ನಡುಭಾಗದಲ್ಲಿ ಬಿದಿರಿನ ಪುಟ್ಟ ಗೂಟಗಳು ಮುಳ್ಳಿನಂತೆ ಹೊರಚಾಚಿವೆ. ಹಲಗೆಯ ಮೇಲೆ, ಕುದುರೆಯ ಹೊಟ್ಟೆಯ ಕೆಳಗೆ, ಏತದಂತೆ ತೂಗುವ ಒಂದು ಮರದ ಸುತ್ತಿಗೆಯಿದೆ. ಅದರ ತಲೆ ಹಲಗೆಯ ಮೇಲೆ ಮಲಗಿರುತ್ತದೆ, ಬಾಲ ಹಲಗೆಯ ಸೀಳಿನ ಮೂಲಕ ಕೆಳಗಿಳಿದು ಅಚ್ಚಿನ ಮುಂಬದಿಗೆ ತಾಗುವಂತೆ ನಿಂತಿರುತ್ತದೆ. ಆಟಿಕೆ ಮುಂದಕ್ಕೆ ಹೋದಾಗ ಅಚ್ಚಿನ ಮುಂಬದಿ ಮೇಲಿನಿಂದ ಕೆಳಕ್ಕೆ ತಿರುಗುತ್ತದೆಯಾದ್ದರಿಂದ ಗೂಟವು ಬಾಲವನ್ನು ಕೆಳಕ್ಕೆ ಒತ್ತುತ್ತದೆ, ತಲೆ ಮೇಲೇಳುತ್ತದೆ, ಗೂಟ ಜಾರಿದೊಡನೆ ತಲೆ ತನ್ನ ಭಾರದಿಂದಲೇ ಬಿದ್ದು ಹಲಗೆಗೆ ಬಡಿಯುತ್ತದೆ. ಗೊರಸಿನ ಸದ್ದು ಹುಟ್ಟುವುದು ಹೀಗೆ.

ಅಂದು ಪುಸ್ತಕದಲ್ಲಿ ಬರೆದುಕೊಂಡದ್ದು ಇಷ್ಟು: ಹಿಂದಿನ ಎಡಗಾಲಿ ಕಳಚಿದೆ. ಅಚ್ಚಿನಲ್ಲಿ ಒಂದು ಗೂಟ ಉಳಿದಿದೆ, ಒಂದು ತೂತು ಖಾಲಿಯಿದೆ, ಅವೆರಡರ ನಡುವೆ ಒಂದು ಕಪ್ಪು ಗಂಟು ಇದೆ. ಕುದುರೆಯ ಬಲಗಡೆಯ ಮುಂಗಾಲು ಅಲುಗಾಡುತ್ತದೆ, ಅದಕ್ಕೆ ಯಾರೋ ಮೊಳೆ ಹೊಡೆದಿದ್ದಾರೆ. ಗಾಲಿಗಳಿಗೆ ಕೆಂಪು ಬಣ್ಣ, ಉಳಿದದ್ದೆಲ್ಲ ಬರೀ ಮರ.

ಈ ಟಿಪ್ಪಣಿಯಲ್ಲಿ ಒಂದು ಪದ ತಪ್ಪಿದೆ. ಅದು ತಿಳಿಯಲು ನನಗೆ ಐದು ದಿನ ಬೇಕಾಯಿತು.

ಎರಡನೆಯ ದಿನ: ಕಾಲು

ಮೊದಲು ಕಾಲನ್ನು ಕೈಗೆತ್ತಿಕೊಂಡೆ. ನಾಲ್ಕು ಕಾಲುಗಳ ತುದಿಯನ್ನೂ ದುಂಡಗೆ ಕೆತ್ತಿ, ಹಲಗೆಯ ತೂತುಗಳಲ್ಲಿ ಇಳಿಸಿ ಅಂಟಿಸಲಾಗಿತ್ತು. ಇಂಥ ಕೂಡುಗಳು ಕಾಲಕ್ರಮದಲ್ಲಿ ಸಡಿಲವಾಗುವುದಕ್ಕೆ ಮರ ಸವೆಯುವುದೇ ಕಾರಣವೆಂದು ಬಹಳ ಜನ ತಿಳಿದಿದ್ದಾರೆ, ಆದರೆ ಯಾರೂ ಮುಟ್ಟದೆ ಪೆಟ್ಟಿಗೆಯಲ್ಲಿಟ್ಟ ಆಟಿಕೆಯ ಕಾಲೂ ಸಡಿಲವಾಗುತ್ತದೆ. ತೇವದ ದಿನಗಳಲ್ಲಿ ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ತೂತಿನೊಳಗೆ ಬಿಗಿಯಾಗಿ ಕುಳಿತ ಕಾಲಿಗೆ ಉಬ್ಬಲು ಜಾಗವಿಲ್ಲದ್ದರಿಂದ ಅದರ ಹೊರಪದರದ ನಾರುಗಳು ನಜ್ಜುಗುಜ್ಜಾಗುತ್ತವೆ. ಮತ್ತೆ ಒಣಹವೆ ಬಂದಾಗ ಮರ ಕುಗ್ಗುತ್ತದೆ, ಆದರೆ ನಜ್ಜಾದ ನಾರು ಮೊದಲಿನ ಗಾತ್ರಕ್ಕೆ ಮರಳುವುದಿಲ್ಲ. ಹೀಗೆ ಹಲವು ಮಳೆಗಾಲ ಮತ್ತು ಬೇಸಿಗೆಗಳನ್ನು ಕಂಡ ಕಾಲು, ತನ್ನ ಬಿಗಿತದಿಂದಲೇ ತೆಳ್ಳಗಾಗಿ, ಕೊನೆಗೆ ತೂತಿನೊಳಗೆ ಅಲುಗಾಡುತ್ತದೆ.

ಆಗ ಮನೆಯಲ್ಲಿ ಯಾರಾದರೊಬ್ಬರು ಮೊಳೆ ಹೊಡೆಯುತ್ತಾರೆ. ಒಣಗಿದ ಗಟ್ಟಿ ಮರದ ತುದಿಯ ಹತ್ತಿರ ತೂತು ಕೊರೆಯದೆ ಮೊಳೆ ಹೊಡೆದರೆ ಅದು ಎಳೆಗಳ ನಡುವೆ ಬೆಣೆಯಂತೆ ಇಳಿದು ಸೀಳುತ್ತದೆ. ಇಲ್ಲಿಯೂ ಗೊರಸಿನಿಂದ ಮಂಡಿಯವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಓಡಿತ್ತು. ಮೊಳೆ ತುಕ್ಕು ಹಿಡಿದು ಮರಕ್ಕೆ ಕಚ್ಚಿಕೊಂಡಿತ್ತು, ಇಕ್ಕಳದಿಂದ ಎಳೆದಿದ್ದರೆ ಕಾಲೇ ಎರಡಾಗುತ್ತಿತ್ತು. ಬೆಸುಗೆ ಹಾಕುವ ಕಾದ ಕಡ್ಡಿಯ ತುದಿಯನ್ನು ಮೊಳೆಯ ತಲೆಗೆ ಒಂದು ನಿಮಿಷದಷ್ಟು ಹೊತ್ತು ಒತ್ತಿ ಹಿಡಿದೆ. ಕಾದ ಮೊಳೆ ತುಸು ಹಿಗ್ಗಿ, ಸುತ್ತಲಿನ ತುಕ್ಕಿನ ಹಿಡಿತವನ್ನು ಬಿಡಿಸಿಕೊಂಡಿತು. ಆರಿದ ಮೇಲೆ ಅದನ್ನು ಮೆಲ್ಲನೆ ತಿರುಚುತ್ತ ಎಳೆದಾಗ ಬಿರುಕು ಒಂದಿಷ್ಟೂ ಬೆಳೆಯದೆ ಹೊರಬಂತು.

ಕೂಡಿನೊಳಗೆ ಎರಡು ಬಗೆಯ ಅಂಟುಗಳಿದ್ದವು. ಕಂದು ಬಣ್ಣದ ಒಂದು ಚೂರಿನ ಮೇಲೆ ಬಿಸಿನೀರಿನ ಹನಿ ಬಿಟ್ಟು ಬೆರಳಿನಿಂದ ಒತ್ತಿದಾಗ ಅದು ಅಂಟಂಟಾಗಿ ಎಳೆ ಬಿಟ್ಟಿತು. ಇದು ಹಿಂದಿನ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ, ಚರ್ಮ ಮತ್ತು ಮೂಳೆಯಿಂದ ತೆಗೆದ ಸರೇಸು. ಅದರ ಮೇಲೆ ಇದ್ದ ಇನ್ನೊಂದು ಪದರ ನೀರು ತಾಗಿದಾಗ ಬೆಳ್ಳಗಾಗಿ ರಬ್ಬರಿನಂತಾಯಿತು. ಇದು ಇತ್ತೀಚಿನ ಬಿಳಿಯ ಅಂಟು. ಈ ಭೇದವನ್ನು ತಿಳಿದುಕೊಂಡೇ ಮುಂದುವರಿಯಬೇಕು, ಏಕೆಂದರೆ ಸರೇಸಿನ ಮೇಲೆ ಬಿಸಿ ಸರೇಸು ಹಚ್ಚಿದರೆ ಹಳೆಯದು ಕರಗಿ ಹೊಸದರೊಂದಿಗೆ ಒಂದಾಗುತ್ತದೆ, ಆದರೆ ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಬಿಳಿಯ ಪದರವನ್ನು ಪೂರ್ತಿಯಾಗಿ ಕೆರೆದು ತೆಗೆದೆ.

ಬಿರುಕಿನೊಳಕ್ಕೆ ಅಂಟನ್ನು ಕಳಿಸಲು ಬ್ಲೇಡಿನ ತುದಿಯಿಂದ ಅದನ್ನು ತುಸುವೇ ಅಗಲಿಸಿ, ಅಂಟು ಸವರಿದ ಹೊಲಿಗೆ ದಾರವನ್ನು ಹಿಂದೆ ಮುಂದೆ ಎಳೆದೆ. ಆ ಬಳಿಕ ಕ್ಲಾಂಪ್ ಬಿಗಿದು ಒಂದಿಡೀ ದಿನ ಬಿಟ್ಟೆ. ತೆಳ್ಳಗಾದ ಕಾಲ್ತುದಿಗೆ ರಂದದಿಂದ ಬಂದ ತೆಳುವಾದ ಮರದ ಸುರುಳಿಯೊಂದನ್ನು ಅಂಟಿನಿಂದ ಸುತ್ತಿ ದಪ್ಪ ಮಾಡಿ ತೂತಿಗೆ ಹೊಂದಿಸಿದೆ. ಕಾಲಿನ ಕೆಲಸ ಅಲ್ಲಿಗೆ ಮುಗಿಯಿತು. ಅದು ಮತ್ತೆ ತೊಂದರೆ ಕೊಡಲಿಲ್ಲ.

ಮೂರು, ನಾಲ್ಕನೆಯ ದಿನ: ನನ್ನ ಜಾಣತನ

ಅಚ್ಚಿನ ವ್ಯಾಸ 14 ಮಿಲಿಮೀಟರ್. ಕಾಗದದ ಪಟ್ಟಿಯೊಂದನ್ನು ಅದರ ಸುತ್ತ ಒಂದು ಸುತ್ತು ಸುತ್ತಿ ಗುರುತು ಹಾಕಿ ಬಿಚ್ಚಿದರೆ ಸುತ್ತಳತೆ 44 ಮಿಲಿಮೀಟರ್ ಬಂತು. ಉಳಿದಿದ್ದ ಗೂಟದಿಂದ ಖಾಲಿ ತೂತಿಗೆ ಇದ್ದ ದೂರ 18 ಮಿಲಿಮೀಟರ್. ಎರಡು ಗೂಟಗಳು ಸರಿಯಾಗಿ ಎದುರುಬದುರು ಇರಬೇಕಾದರೆ ಆ ದೂರ 22 ಆಗಬೇಕು. ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಪಾಪ, ಬಡಗಿ ಕಣ್ಣಳತೆಯಲ್ಲಿ ಕೊರೆದಿದ್ದಾನೆ, ಕೈ ಜಾರಿದೆ ಎಂದುಕೊಂಡೆ. ಅವನ ತಪ್ಪನ್ನು ನಾನು ತಿದ್ದಿಕೊಡೋಣವೆಂಬ ಉದಾರ ಬುದ್ಧಿಯೂ ಬಂತು.

ಹಾಗಾಗಿ ಖಾಲಿ ತೂತಿಗೆ ಮರದ ಬಿರಡೆ ತುಂಬಿ, 22 ಮಿಲಿಮೀಟರ್ ದೂರದಲ್ಲಿ ಹೊಸ ತೂತು ಕೊರೆದು ಹೊಸ ಬಿದಿರಿನ ಗೂಟವನ್ನು ಕೂರಿಸಿದೆ. ಕಳಚಿದ್ದ ಗಾಲಿಯನ್ನು ಪರೀಕ್ಷೆಗಾಗಿ ಅಂಟಿಲ್ಲದೆ ಬಿಗಿದು ನೆಲದ ಮೇಲೆ ಎಳೆದೆ. ಟಕ್, ಟಕ್, ಟಕ್, ಟಕ್. ಗಡಿಯಾರದಷ್ಟು ಸಮವಾಗಿ ಬಡಿಯಿತು. ನನಗೆ ಬಹಳ ಸಂತೋಷವಾಯಿತು.

ಗಾಲಿಗಳ ವಿಚಾರವಾಗಿ ಅಜ್ಜಿಯೊಂದಿಗೆ ಮಾತನಾಡುವುದಿತ್ತು. ಅಷ್ಟು ಹಳೆಯ ಕೆಂಪು ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಅದು ಇದೆಯೋ ಇಲ್ಲವೋ ಎಂಬುದನ್ನು ನೋಡಿ ಹೇಳಲು ಆಗದು. ಆಟಿಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಮಿತಿ ಈಗ ಹಲವು ದೇಶಗಳಲ್ಲಿದೆ, ಆದರೆ ಅಷ್ಟು ಸಣ್ಣ ಪ್ರಮಾಣವನ್ನು ಅಳೆಯುವುದು ಪ್ರಯೋಗಾಲಯದ ಕೆಲಸ. ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದರಾಯಿತು ಎಂಬ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ, ಮಾಡಬಾರದ್ದೂ ಅದೇ. ಗಾಲಿಯ ಮೇಲೆ ಸುಮ್ಮನೆ ಕುಳಿತ ಬಣ್ಣವನ್ನು ಉಜ್ಜುವವನೇ ಉಸಿರಾಡುವ ದೂಳಾಗಿ ಮಾಡಿದಂತಾಗುತ್ತದೆ. ಎರಡು ವರ್ಷದ ಮಗು ಆಟಿಕೆಯನ್ನು ಬಾಯಿಗಿಡದೆ ಇರುವುದಿಲ್ಲ. ಆದ್ದರಿಂದ ನಾಲ್ಕು ಗಾಲಿಗಳನ್ನೂ ಹೊಸದಾಗಿ, ಬಣ್ಣವಿಲ್ಲದೆ ಮಾಡುವುದು, ಹಳೆಯವನ್ನು ಒಂದು ಚೀಲದಲ್ಲಿ ಕಟ್ಟಿ ಅಜ್ಜಿಗೆ ಕೊಡುವುದು ಎಂದು ತೀರ್ಮಾನಿಸಿದ್ದೆ. ಒಪ್ಪಿಗೆ ಕೇಳಲು ಅವರನ್ನು ಬರಹೇಳಿದೆ.

ಐದನೆಯ ದಿನ

ಅಜ್ಜಿ ಬಂದರು. ಗಾಲಿಯ ಮಾತಿಗೆ ಒಂದೇ ಮಾತಿನಲ್ಲಿ ಒಪ್ಪಿದರು. "ಮಗುವಿಗೆ ಕೇಡಾಗುವುದಿದ್ದರೆ ತೆಗೆದುಬಿಡು. ಕೆಂಪನ್ನು ನಾನೆಲ್ಲಿ ನೋಡುತ್ತೇನೆ?" ಎಂದರು. ಆಮೇಲೆ ನಾನು ಹೆಮ್ಮೆಯಿಂದ ಕುದುರೆಯನ್ನು ನೆಲದ ಮೇಲಿಟ್ಟು ಗೋಡೆಯಿಂದ ಗೋಡೆಗೆ ಎಳೆದು ತೋರಿಸಿದೆ.

ಅವರು ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳಿದರು. ಇನ್ನೊಮ್ಮೆ ಎಳೆಯಲು ಹೇಳಿದರು. ಎಳೆದೆ.

"ಇದು ಯಾವುದೋ ಬೇರೆ ಕುದುರೆ ಮಗೂ," ಎಂದರು.

"ಅದೇ ಅಜ್ಜಿ. ನೀವು ತಂದದ್ದೇ. ಒಂದು ಗೂಟ ಮಾತ್ರ ಹೊಸದು."

"ಇದು ನಡೆಯುತ್ತಿದೆ. ನನ್ನದು ಓಡುತ್ತಿತ್ತು."

ವೇಗವಾಗಿ ಎಳೆದರೆ ಓಡುವಂತೆ ಕೇಳಿಸುತ್ತದೆ ಎಂದು ನಾನು ವಾದಿಸಿದೆ. ಅಜ್ಜಿ ವಾದ ಮಾಡಲಿಲ್ಲ. ಮೇಜಿನ ಅಂಚನ್ನು ತಡವಿ ಹುಡುಕಿ, ಉಗುರಿನ ತುದಿಯಿಂದ ಬಡಿದು ತೋರಿಸಿದರು. ತಕತಕಟಕ್. ಸ್ವಲ್ಪ ಬಿಡುವು. ತಕತಕಟಕ್. ಮತ್ತೆ ಬಿಡುವು. ಎಪ್ಪತ್ತು ವರ್ಷಗಳ ಹಿಂದಿನದನ್ನು ನೆನಪಿಸಿಕೊಳ್ಳುತ್ತಿರುವವರ ತಡವರಿಕೆ ಆ ಬೆರಳುಗಳಲ್ಲಿ ಇರಲಿಲ್ಲ.

ನಾನು ಎಣಿಸಿದೆ. ಮೂರು ಪೆಟ್ಟುಗಳು, ಒಂದು ಬಿಡುವು. ಎರಡು ಗೂಟಗಳನ್ನು ಹೇಗೆ ಇಟ್ಟರೂ ಒಂದು ಸುತ್ತಿನಲ್ಲಿ ಮೂರು ಪೆಟ್ಟು ಬರುವುದಿಲ್ಲ. ಹಾಗಾದರೆ ಅಜ್ಜಿಯ ನೆನಪು ತಪ್ಪಿರಬೇಕು, ಇಲ್ಲವೇ ನನ್ನ ಲೆಕ್ಕ ತಪ್ಪಿರಬೇಕು. ಮೊದಲನೆಯದೇ ಸರಿಯೆಂದು ಒಂದು ಕ್ಷಣ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯದಿದ್ದರೆ ದಿನಚರಿ ಪ್ರಾಮಾಣಿಕವಾಗುವುದಿಲ್ಲ.

ಅವರು ಹೋದ ಮೇಲೆ ಅಚ್ಚನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಜಿಡ್ಡು ಒರೆಸಿ, ದೀಪವನ್ನು ಒಂದು ಪಕ್ಕದಿಂದ ಬೀಳುವಂತಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ನಾನು 'ಗಂಟು' ಎಂದು ಬರೆದುಕೊಂಡಿದ್ದ ಕಪ್ಪು ಚುಕ್ಕೆ, ಉಳಿದಿದ್ದ ಗೂಟದಿಂದ ಸರಿಯಾಗಿ 9 ಮಿಲಿಮೀಟರ್ ದೂರದಲ್ಲಿತ್ತು. ಮರದ ಗಂಟನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಒಂದರೊಳಗೊಂದು ಉಂಗುರಗಳಿರುತ್ತವೆ, ಸುತ್ತಲಿನ ಎಳೆ ಅದನ್ನು ಬಳಸಿಕೊಂಡು ಹೋಗಿರುತ್ತದೆ. ಇಲ್ಲಿ ಉಂಗುರಗಳಿರಲಿಲ್ಲ, ಗಸಗಸೆ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳಿದ್ದವು, ಅಚ್ಚಿನ ಎಳೆ ಅದರ ಅಂಚಿನಲ್ಲಿ ಕತ್ತರಿಸಿದಂತೆ ನಿಂತುಹೋಗಿತ್ತು. ಅಡ್ಡ ಕತ್ತರಿಸಿದ ಬಿದಿರಿನ ಮುಖ ಹಾಗೆಯೇ ಇರುತ್ತದೆ. ಅದು ಬುಡದಲ್ಲಿ ಮುರಿದು, ಅಚ್ಚಿನ ಮಟ್ಟಕ್ಕೇ ಸವೆದು, ವರ್ಷಗಟ್ಟಲೆ ಕೊಳೆ ಕುಡಿದ ಮೂರನೆಯ ಗೂಟ.

ಆಗ ಕಾಗದದ ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದೆ. ಸೊನ್ನೆ, 9, 18. ಅಲ್ಲಿಂದ ಸುತ್ತು ಮುಗಿಯುವವರೆಗೆ 26 ಮಿಲಿಮೀಟರ್ ಖಾಲಿ. ಬಡಗಿಯ ಕೈ ಜಾರಿರಲಿಲ್ಲ. ಕುದುರೆ ಮೆಲ್ಲನೆ ನಡೆಯುವಾಗ ಒಂದು ಸುತ್ತು ಹೆಜ್ಜೆಗೆ ಗೊರಸಿನ ಪೆಟ್ಟು ನಾಲ್ಕು, ಹೆಜ್ಜೆ ಚುರುಕಾಗಿ ದುಡುಕುವಾಗ ಎರಡು. ನೆಗೆಯುತ್ತ ಓಡುವ ಹದವಾದ ಓಟದಲ್ಲಿ ಮಾತ್ರ ಮೂರು ಪೆಟ್ಟು ಒಂದರ ಹಿಂದೊಂದು ಬಿದ್ದು, ನಾಲ್ಕು ಕಾಲುಗಳೂ ನೆಲ ಬಿಟ್ಟ ಒಂದು ಕ್ಷಣದ ಮೌನ ಬರುತ್ತದೆ. ಆ ಬಡಗಿ ಓಡುವ ಕುದುರೆಯನ್ನು ಚೆನ್ನಾಗಿ ಕೇಳಿದ್ದ. ಅವನು ಬಿಟ್ಟ 26 ಮಿಲಿಮೀಟರ್ ಬಿಡುವಿನೊಳಗೆ ನಾನು ಒಂದು ಗೂಟವನ್ನು ನೆಟ್ಟಿದ್ದೆ.

ಆರರಿಂದ ಎಂಟನೆಯ ದಿನ: ಹೊಸ ಅಚ್ಚು

ಹಳೆಯ ಅಚ್ಚನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿತ್ತು, ಆದರೆ ನಾನೇ ಅದಕ್ಕೆ ದಾರಿ ಮುಚ್ಚಿದ್ದೆ. ಮೂಲದ ಮೂರು ತೂತುಗಳ ಜೊತೆಗೆ ನಾನು ಕೊರೆದ ನಾಲ್ಕನೆಯದು ಸೇರಿ, ನಡುವೆ ಮರಕ್ಕಿಂತ ತೂತೇ ಹೆಚ್ಚಾಗಿತ್ತು. ಎರಡೂ ಕೈಯಿಂದ ತುಸು ಬಾಗಿಸಿದಾಗ ಹೊಸ ತೂತಿನ ಹತ್ತಿರ ಸಣ್ಣಗೆ ಚಿಟಿಕೆ ಸದ್ದಾಯಿತು. ಅದನ್ನು ಹಳೆಯ ಗಾಲಿಗಳ ಚೀಲದಲ್ಲಿ ಸೇರಿಸಿದೆ.

ಹೊಸ ಅಚ್ಚಿಗೆ ಗರಗಸದಿಂದ ಕೊಯ್ದ ಕಡ್ಡಿಗಿಂತ, ಎಳೆಯ ಗುಂಟ ಸೀಳಿ ತೆಗೆದ ಕಡ್ಡಿ ಮೇಲು. ಸೀಳು ಎಳೆಯನ್ನೇ ಹಿಂಬಾಲಿಸುವುದರಿಂದ ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಡಾಗದೆ ಓಡುತ್ತದೆ. ಅಂಥ ಕಡ್ಡಿಯನ್ನು ಲೇತಿಗೆ ಕೊಟ್ಟು 14 ಮಿಲಿಮೀಟರಿಗೆ ಕಡೆದೆ.

ತೂತು ಕೊರೆಯುವಾಗ ಬಡಗಿಯ ಇನ್ನೊಂದು ಲೆಕ್ಕ ಅರ್ಥವಾಯಿತು. ಅವನ ಗೂಟಗಳು ಕೇವಲ 3 ಮಿಲಿಮೀಟರ್ ದಪ್ಪ, ತೂತುಗಳ ಆಳ ಬರೀ 4 ಮಿಲಿಮೀಟರ್. ಇಷ್ಟು ಮೇಲುಮೇಲಕ್ಕೆ ಏಕೆ ನೆಟ್ಟನೆಂದು ಮೊದಲು ಆಕ್ಷೇಪಿಸಿದ್ದೆ. ಮೂರು ತೂತುಗಳೂ ಅಚ್ಚಿನ ಒಂದೇ ಸುತ್ತಿನಲ್ಲಿ, ಕೇಂದ್ರದ ಕಡೆಗೆ ಮುಖ ಮಾಡಿ ಇಳಿಯುತ್ತವೆ. ಆಳಕ್ಕೆ ಹೋದಷ್ಟೂ ಅವು ಒಂದಕ್ಕೊಂದು ಹತ್ತಿರವಾಗುತ್ತವೆ. ಗೂಟವನ್ನು ದಪ್ಪ ಮಾಡಿದರೂ ಆಳ ಹೆಚ್ಚಿಸಿದರೂ ತೂತುಗಳು ಒಳಗೊಳಗೇ ಕೂಡಿಕೊಂಡು ಅಚ್ಚು ಪೊಳ್ಳಾಗುತ್ತದೆ. ಅವನ ಅಳತೆಯನ್ನು ಮೀರಲು ನನಗೂ ಜಾಗವಿರಲಿಲ್ಲ.

ದುಂಡು ಕಡ್ಡಿಯ ಮೇಲೆ ಡ್ರಿಲ್ ಬಿಟ್ ಇಟ್ಟರೆ ಅದು ಪಕ್ಕಕ್ಕೆ ಜಾರುತ್ತದೆ. ಹಾಗಾಗದಂತೆ ಒಂದು ಮರದ ತುಂಡಿನಲ್ಲಿ ಎರಡೂ ಬದಿ ಒಳಕ್ಕೆ ಇಳಿಜಾರಾದ ತೋಡು ಮಾಡಿ ಅದರಲ್ಲಿ ಅಚ್ಚನ್ನು ಮಲಗಿಸಿದೆ. ಸೊನ್ನೆ, 9, 18 ಎಂದು ಗುರುತು ಹಾಕಿದ ಕಾಗದದ ಪಟ್ಟಿಯನ್ನು ಅಚ್ಚಿಗೆ ಅಂಟಿಸಿ, ಪ್ರತಿ ಗುರುತಿನಲ್ಲೂ ದಬ್ಬಳದಿಂದ ಚುಚ್ಚಿ ಗುಳಿ ಮಾಡಿದೆ. ಬಿಟ್‌ನ ತುದಿಯಿಂದ 4 ಮಿಲಿಮೀಟರ್ ಮೇಲೆ ಅಂಟುಪಟ್ಟಿ ಸುತ್ತಿ, ಅದು ಮರಕ್ಕೆ ತಾಗಿದಾಗ ನಿಲ್ಲಿಸಿದೆ. ಇಷ್ಟನ್ನೂ ಮೊದಲು ಒಂದು ವ್ಯರ್ಥ ಕಡ್ಡಿಯ ಮೇಲೆ ಮಾಡಿ ನೋಡಿದೆ. ಐದನೆಯ ದಿನದ ಪೆಟ್ಟು ನನಗೂ ಬಿದ್ದಿತ್ತಲ್ಲ.

ಗಾಲಿಗಳನ್ನು 60 ಮಿಲಿಮೀಟರ್ ವ್ಯಾಸಕ್ಕೆ, ಹಲಗೆಯಿಂದಲೇ ಕತ್ತರಿಸಿದೆ. ಕೊಂಬೆಯನ್ನು ಅಡ್ಡ ಕೊಯ್ದ ಬಿಲ್ಲೆಗಳು ನೋಡಲು ಚೆಂದ, ಆದರೆ ಮರ ಒಣಗುವಾಗ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ನಡುವಿನಿಂದ ಅಂಚಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾದ್ದರಿಂದ ಬಿಲ್ಲೆ ಅಂಚಿನಿಂದ ನಡುವಿಗೆ ಸೀಳುತ್ತದೆ. ಹಿಂದಿನ ಗಾಲಿಗಳನ್ನು ಅಚ್ಚಿಗೆ ಅಂಟಿಸಿ, ಅಚ್ಚಿನ ತುದಿಯನ್ನು ಸೀಳಿ ಸಣ್ಣ ಬೆಣೆ ಹೊಡೆದೆ. ಬೆಣೆಯ ಸೀಳು ಗಾಲಿಯ ಎಳೆಗೆ ಅಡ್ಡಲಾಗಿರಬೇಕು. ಎಳೆಗೆ ಸಮವಾಗಿ ಹೊಡೆದರೆ ಬೆಣೆ ಗಾಲಿಯನ್ನೇ ಸೀಳಿಬಿಡುತ್ತದೆ.

ಒಂಬತ್ತನೆಯ ದಿನ: ಗೂಟದ ಉದ್ದ

ಮೂರು ಗೂಟಗಳನ್ನೂ ಅಚ್ಚಿನಿಂದ 8 ಮಿಲಿಮೀಟರ್ ಹೊರಚಾಚುವಂತೆ ನೆಟ್ಟು ಎಳೆದೆ. ಮೂರರ ಬದಲು ಎರಡು ಪೆಟ್ಟು ಕೇಳಿಸಿದವು, ಅದರಲ್ಲಿ ಒಂದು ಮಂಕಾಗಿತ್ತು. ಕೈಯಿಂದ ಗಾಲಿಯನ್ನು ಬಹಳ ನಿಧಾನವಾಗಿ ತಿರುಗಿಸುತ್ತ ನೋಡಿದಾಗ ಕಾರಣ ಕಂಡಿತು. ಗೂಟ ಉದ್ದವಾದಷ್ಟೂ ಬಾಲವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತದೆ, ತಲೆಯೂ ಹೆಚ್ಚು ಎತ್ತರಕ್ಕೆ ಏಳುತ್ತದೆ. ತಲೆ ಕೆಳಗೆ ಬಂದು ಬಡಿಯುವ ಮೊದಲೇ ಮುಂದಿನ ಗೂಟ ಬಂದು ಬಾಲವನ್ನು ಹಿಡಿದುಕೊಳ್ಳುತ್ತಿತ್ತು.

ಗೂಟಗಳನ್ನು ಅರ್ಧರ್ಧ ಮಿಲಿಮೀಟರಿನಂತೆ ಕತ್ತರಿಸುತ್ತ, ಪ್ರತಿ ಸಲವೂ ಎಳೆದು ಕೇಳಿದೆ. ಏಳರಲ್ಲಿ ಮೂರನೆಯ ಪೆಟ್ಟು ಬಂತು, ಆದರೆ ಎರಡನೆಯದಕ್ಕೆ ಅಂಟಿಕೊಂಡಿತ್ತು. ಆರರಲ್ಲಿ ಮೂರೂ ಬಿಡಿಬಿಡಿಯಾದವು. ಐದೂವರೆಗೆ ಹೋಗುವ ಆಸೆಯಾಯಿತು, ಆದರೆ ಅಷ್ಟರಲ್ಲೇ ಪೆಟ್ಟಿನ ಸದ್ದು ಸಣ್ಣದಾಗತೊಡಗಿತ್ತು, ಬಿದಿರನ್ನು ಮತ್ತೆ ಉದ್ದ ಮಾಡಲು ಬರುವುದಿಲ್ಲ. ಆರರಲ್ಲಿ ನಿಲ್ಲಿಸಿದೆ. ಗಾಲಿ ಒಂದು ಸುತ್ತಿಗೆ ಸುಮಾರು 19 ಸೆಂಟಿಮೀಟರ್ ಉರುಳುತ್ತದೆ, ಆದ್ದರಿಂದ ಮಗು ಹಗ್ಗ ಹಿಡಿದು ನಡೆಯುವ ವೇಗದಲ್ಲಿ ಓಟದ ಲಯ ಚೆನ್ನಾಗಿ ಕೇಳುತ್ತದೆ. ದೊಡ್ಡವರು ಹಿಡಿದು ಓಡಿದರೆ ಪೆಟ್ಟುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಪರಿಹಾರವಿಲ್ಲ. ತಲೆ ಬೀಳಲು ಬೇಕಾದ ಹೊತ್ತು ಬೇಕೇ ಬೇಕು.

ಹತ್ತನೆಯ ದಿನ: ಹಿಂದಕ್ಕೆ ಎಳೆದರೆ

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಮೂರರಲ್ಲಿ ಎರಡು ಗೂಟಗಳು ಏಕೆ ಹೋದವು? ಸುತ್ತಿಗೆ ಹಗುರವಾಗಿತ್ತು, ಮುಂದಕ್ಕೆ ಎಳೆಯುವಾಗ ಗೂಟದ ಮೇಲೆ ಬೀಳುವ ಹೊರೆ ಏನೂ ಅಲ್ಲ. ಫೋನ್ ಮಾಡಿ ಅಜ್ಜಿಯನ್ನೇ ಕೇಳಿದೆ.

"ನನ್ನ ತಮ್ಮ ಮುರಿದ," ಎಂದರು, ನಿನ್ನೆ ನಡೆದದ್ದರ ಮೇಲೆ ದೂರು ಕೊಡುವವರಂತೆ. "ನಾನು ಮುಂದಕ್ಕೆ ಎಳೆದರೆ ಅವನು ಕುದುರೆಯ ಬಾಲ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ."

ಕುದುರೆಯನ್ನು ಹಿಂದಕ್ಕೆ ಎಳೆದಾಗ ಅಚ್ಚಿನ ಮುಂಬದಿ ಕೆಳಗಿನಿಂದ ಮೇಲಕ್ಕೆ ತಿರುಗುತ್ತದೆ. ಗೂಟವು ಬಾಲವನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತದೆ. ಬಾಲ ಮೇಲೇಳಬೇಕಾದರೆ ತಲೆ ಕೆಳಗಿಳಿಯಬೇಕು, ತಲೆಯೋ ಆಗಲೇ ಹಲಗೆಯ ಮೇಲೆ ಕುಳಿತಿದೆ. ಸುತ್ತಿಗೆ ಅಲ್ಲಾಡದೆ ಸಿಕ್ಕಿಕೊಳ್ಳುತ್ತದೆ, ಎಳೆಯುವ ಬಲವೆಲ್ಲ 3 ಮಿಲಿಮೀಟರಿನ ಆ ಬಿದಿರಿನ ಮೇಲೆ ಬೀಳುತ್ತದೆ. ಹಾಗೆಯೇ ಬಿಟ್ಟರೆ ಎರಡು ವರ್ಷದ ಮಗುವಿನ ಕೈಯಲ್ಲಿ ಹೊಸ ಗೂಟಗಳು ಮೊದಲ ದಿನವೇ ಮುರಿಯುತ್ತಿದ್ದವು.

ಸುತ್ತಿಗೆಯ ನಡುವೆ ಅದು ತೂಗುವ ಕಡ್ಡಿಗಾಗಿ ಒಂದು ದುಂಡು ತೂತಿತ್ತು. ಅದನ್ನು ಕೆಳಮುಖವಾಗಿ 6 ಮಿಲಿಮೀಟರ್ ಉದ್ದಕ್ಕೆ ಅರದಿಂದ ಉಜ್ಜಿ ಮೊಟ್ಟೆಯಾಕಾರಕ್ಕಿಂತ ಇನ್ನಷ್ಟು ನೀಳವಾದ ಸೀಳು ಮಾಡಿದೆ. ಮುಂದಕ್ಕೆ ಎಳೆದಾಗ ಸುತ್ತಿಗೆ ಕೆಳಕ್ಕೆ ಒತ್ತಲ್ಪಡುವುದರಿಂದ ಕಡ್ಡಿ ಸೀಳಿನ ಮೇಲ್ತುದಿಯಲ್ಲಿ ನಿಂತು ಎಲ್ಲವೂ ಮೊದಲಿನಂತೆ ನಡೆಯುತ್ತದೆ. ಹಿಂದಕ್ಕೆ ಎಳೆದಾಗ ಬಾಲದ ಕಡೆಯಿಂದ ಇಡೀ ಸುತ್ತಿಗೆಯೇ ಸೀಳಿನ ಉದ್ದಕ್ಕೂ ಮೇಲಕ್ಕೆ ಎದ್ದು, ಗೂಟಕ್ಕೆ ದಾರಿ ಬಿಟ್ಟು, ಮತ್ತೆ ಕೆಳಗೆ ಕೂರುತ್ತದೆ. ಸದ್ದು ಬರುವುದಿಲ್ಲ, ಮುರಿಯುವುದೂ ಇಲ್ಲ. ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಎಳೆದು ನೋಡಿದೆ.

ಇಷ್ಟಾದರೂ ಗೂಟ ಎಂದಾದರೊಮ್ಮೆ ಕಳಚಬಹುದು, ಕಳಚಿದರೆ ಅದು ಮಗುವಿನ ಬಾಯಿಗೆ ಹೋಗಬಾರದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಲ್ಲಿ ಬಿಡಿಯಾಗಬಲ್ಲ ಚೂರು ಅಪಾಯಕಾರಿಯೇ ಎಂದು ನೋಡಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಚೂರು ಅದರೊಳಗೆ ಪೂರ್ತಿಯಾಗಿ ಇಳಿದರೆ ಅದು ಗಂಟಲಿಗೆ ಸಿಕ್ಕಬಲ್ಲದ್ದು ಎಂದರ್ಥ. ನನ್ನ ಗೂಟದ ಒಟ್ಟು ಉದ್ದವೇ 10 ಮಿಲಿಮೀಟರ್. ಆದ್ದರಿಂದ ಹಿಂದಿನ ಅಚ್ಚಿನ ಕೆಳಗೆ, ಗಾಲಿಗಳ ನಡುವೆ, ತೆಳುವಾದ ಮರದ ತೊಟ್ಟಿಯೊಂದನ್ನು ನಾಲ್ಕು ತಿರುಪುಗಳಿಂದ ಬಿಗಿದೆ. ಹಲಗೆಯ ಮೇಲ್ಗಡೆಯ ಸೀಳಿನಲ್ಲಿ ಬಾಲದ ಸುತ್ತ ಉಳಿದಿರುವ ಸಂದು ಗೂಟಕ್ಕಿಂತ ಕಿರಿದು. ಮುರಿದರೆ ಚೂರು ಒಳಗೇ ಗಲಗಲ ಎನ್ನುತ್ತದೆ, ಹೊರಗೆ ಬರುವುದಿಲ್ಲ. ಆ ಸದ್ದು ಕೇಳಿದರೆ ಕುದುರೆಯನ್ನು ನನ್ನ ಬಳಿ ತನ್ನಿ ಎಂದು ಚೀಟಿಯಲ್ಲಿ ಬರೆದಿಟ್ಟೆ.

ಹನ್ನೊಂದನೆಯ ದಿನ

ಅಜ್ಜಿ ಬಂದಾಗ ಅಂಗಡಿಯ ಮುಂಭಾಗದಲ್ಲಿ ಹಬ್ಬದ ಗಿರಾಕಿಗಳ ಗದ್ದಲ. ಅವರನ್ನು ಹಿಂದಿನ ಕೋಣೆಗೆ ಕರೆತಂದು ಬಾಗಿಲು ಮುಚ್ಚಿದೆ. ಈ ಸಲ ನಾನು ಎಳೆಯಲಿಲ್ಲ, ಹಗ್ಗವನ್ನು ಅವರ ಕೈಗೇ ಕೊಟ್ಟೆ.

ಗೋಡೆಯಿಂದ ಮೇಜಿನವರೆಗೆ ಮೆಲ್ಲನೆ ಎಳೆದುಕೊಂಡು ಬಂದರು. ತಕತಕಟಕ್. ತಕತಕಟಕ್. ಮೇಜಿನ ಹತ್ತಿರ ನಿಂತು, ಏನೂ ಹೇಳದೆ, ತಿರುಗಿ ಮತ್ತೆ ಗೋಡೆಯವರೆಗೆ ಎಳೆದರು. ಹೊಸ ಗಾಲಿಗಳನ್ನು ಬೆರಳಿನಿಂದ ತಡವಿ, "ನುಣ್ಣಗಿವೆ," ಎಂದರು. ಆಮೇಲೆ ಕೈಚೀಲದಿಂದ ಫೋನ್ ತೆಗೆದು ನನಗೆ ಕೊಟ್ಟು, ತಮ್ಮನಿಗೆ ಹಚ್ಚಿಕೊಡು ಎಂದರು. ಹಚ್ಚಿಕೊಟ್ಟು, ಸ್ಪೀಕರ್ ಹಾಕಿ ನೆಲದ ಹತ್ತಿರ ಹಿಡಿದೆ. ಅಜ್ಜಿ 'ಹಲೋ' ಕೂಡ ಅನ್ನದೆ ಕುದುರೆಯನ್ನು ಎಳೆದರು.

ಆ ಕಡೆ ಸ್ವಲ್ಪ ಹೊತ್ತು ಯಾವ ಮಾತೂ ಇರಲಿಲ್ಲ. ಬಳಿಕ ಮುದಿ ದನಿಯೊಂದು ಗಾಬರಿಯಿಂದ ಹೇಳಿತು:

"ಅಕ್ಕಾ, ಹಿಂದಕ್ಕೆ ಎಳೆಯಬೇಡ, ಮುರಿಯುತ್ತದೆ."

ಅಜ್ಜಿ ನನ್ನತ್ತ ತಿರುಗಿ, ಹೌದೇ ಎಂಬಂತೆ ಹುಬ್ಬೇರಿಸಿದರು. ನಾನು ಇಲ್ಲವೆಂದೆ. ಅವರು ಬಗ್ಗಿ ಕುದುರೆಯ ಬಾಲವನ್ನು ಹಿಡಿದು ಹಿಂದಕ್ಕೆ ಎಳೆದರು.